ಮಂಡಿಯ ಹಿಂದಿನ ಊತ: ಓಟದ ದಾಖಲೆ, ಈವರೆಗೆ

ಈ ಸಲದ ದಾಖಲೆಯಲ್ಲಿ ಕಿಲೋಮೀಟರ್‌ಗಳಿಗಿಂತ ಬಲಮಂಡಿಯ ವಿಷಯವೇ ಜಾಸ್ತಿ. ಹತ್ತು ಕಿಲೋಮೀಟರ್ ಓಟಕ್ಕೆ ತಯಾರಿ ನಡೆದಿತ್ತು. ಇಳಿಜಾರಿನ ಓಟವೂ ಆಳದ ಸ್ಕ್ವಾಟ್ಸೂ ಶುರುವಾದ ಮೇಲೆ ಮಂಡಿಯ ಹಿಂದೆ ಬಿಗಿತ ಕಾಣಿಸಿಕೊಂಡಿತು. ಓಡುವಾಗ ಏನೂ ಗೊತ್ತಾಗುವುದಿಲ್ಲ. ಒಂದೆರಡು ಗಂಟೆ ಕಳೆದ ಮೇಲೆ ಮಂಡಿ ಪೂರ್ತಿ ಮಡಿಸಲು ಹೋದರೆ ಹಿಂದಿನಿಂದ ಏನೋ ತಡೆಯುತ್ತದೆ. ಪೂರ್ತಿ ನೀಡಿದರೂ ಎಳೆದಂತಾಗುತ್ತದೆ. ನೋವು ಅಂತ ಹೇಳಲಾಗದು, ಒಳಗೆ ತುಂಬಿಕೊಂಡ ಹಾಗೆ.

ಹಿಂತೊಡೆಯ ಸ್ನಾಯು ಹಿಡಿದುಕೊಂಡಿದೆಯಾ ಎಂಬುದು ಮೊದಲ ಅನುಮಾನ. ಆದರೆ ಸ್ನಾಯು ಹಿಡಿದರೆ ಹಿಗ್ಗಿಸಿದಾಗ ಕೊಂಚ ಸಡಿಲವಾಗುತ್ತದೆ, ಇದು ಹಿಗ್ಗಿಸಿದಷ್ಟೂ ಬಿಗಿಯುತ್ತಿತ್ತು. ಕನ್ನಡಿಗೆ ಬೆನ್ನು ಮಾಡಿ ನಿಂತು ನೋಡಿದೆ. ಎಡಗಾಲಲ್ಲಿ ಗುಳಿ ಇರುವ ಜಾಗ ಬಲಗಾಲಲ್ಲಿ ತುಂಬಿಕೊಂಡಿತ್ತು, ಅದೂ ನಡುವೆ ಅಲ್ಲ, ಒಳಪಕ್ಕಕ್ಕೆ.

ಗಟ್ಟಿಯೋ, ಮೆತ್ತಗೋ

ಫಿಸಿಯೋ ಮೊದಲು ಮಾಡಿದ ಪರೀಕ್ಷೆ ತುಂಬಾ ಸರಳ. ಕಾಲು ನೀಡಿಸಿ ಬೆರಳಿಂದ ಒತ್ತಿ ನೋಡಿದರು, ಗಂಟು ಗಟ್ಟಿಯಾಗಿತ್ತು. ಮಂಡಿಯನ್ನು ಸುಮಾರು 45 ಡಿಗ್ರಿ ಮಡಿಸಿ ಮತ್ತೆ ಒತ್ತಿದರು, ಅದೇ ಗಂಟು ಮೆತ್ತಗಾಗಿ ಬೆರಳಿಗೆ ಸಿಗದ ಹಾಗಾಯಿತು. ಮಂಡಿಯ ಹಿಂದೆ ನೀರು ತುಂಬಿಕೊಂಡ ಚೀಲ, ಅಂದರೆ ಬೇಕರ್ಸ್ ಸಿಸ್ಟ್, ಹೀಗೆ ವರ್ತಿಸುತ್ತದೆ. ಯಾವ ಭಂಗಿಯಲ್ಲೂ ಗಟ್ಟಿಯಾಗಿಯೇ ಇರುವ ಗಂಟು, ಅಥವಾ ಬೆರಳಿಟ್ಟರೆ ನಾಡಿಯಂತೆ ಬಡಿಯುವ ಗಂಟು ಬೇರೆ ವಿಷಯ. ಬಡಿಯುವುದು ರಕ್ತನಾಳದ ಉಬ್ಬು ಆಗಿರಬಹುದು. ಅಂಥದ್ದನ್ನು ಒತ್ತಿ ತಿಕ್ಕುತ್ತಾ ಕೂರಬಾರದು, ಬೇಗ ಡಾಕ್ಟರಿಗೆ ತೋರಿಸಬೇಕು.

ಆಮೇಲೆ ಅಲ್ಟ್ರಾಸೌಂಡ್ ಆಯಿತು. ಪರದೆಯ ಮೇಲೆ ಕಪ್ಪಗಿನ ಚೀಲ, ಅದಕ್ಕೊಂದು ಸಣ್ಣ ಕತ್ತು. ಆ ಕತ್ತು ಎರಡು ಸ್ನಾಯುಗಳ ನಡುವಿನಿಂದ ಹೊರಬಂದಿತ್ತು. ಒಂದು ಮೀನಖಂಡದ ಒಳಪಕ್ಕದ್ದು, ಇನ್ನೊಂದು ಹಿಂತೊಡೆಯಿಂದ ಇಳಿದು ಬರುವ ಸೆಮಿಮೆಂಬ್ರನೋಸಸ್. ಕತ್ತು ಅಲ್ಲೇ ಕಂಡರೆ ಬೇಕರ್ಸ್ ಸಿಸ್ಟ್ ಎಂದು ಬಹುಮಟ್ಟಿಗೆ ಖಾತ್ರಿಯಾಗಿ ಹೇಳಬಹುದಂತೆ.

ನೀರು ಎಲ್ಲಿಂದ ಬಂತು

ಇದು ಗೊತ್ತಾದ ಮೇಲೆ ನನ್ನ ಯೋಜನೆಯೇ ಬದಲಾಯಿತು, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಆ ಚೀಲ ಹೊಸದಾಗಿ ಬೆಳೆದದ್ದಲ್ಲ. ಸ್ನಾಯುಗಳು ಒಂದಕ್ಕೊಂದು ಉಜ್ಜದಿರಲಿ ಎಂದು ಅಲ್ಲಿ ಮೊದಲಿಂದಲೂ ಒಂದು ತೆಳು ಚೀಲ ಇರುತ್ತದೆ. ಬಹಳ ಜನ ದೊಡ್ಡವರಲ್ಲಿ ಅದಕ್ಕೂ ಮಂಡಿಕೀಲಿಗೂ ನಡುವೆ ಒಂದು ಕಿರಿದಾದ ಕಂಡಿ ಇರುತ್ತದೆ. ಕೀಲಿನಲ್ಲಿ ದ್ರವ ಜಾಸ್ತಿಯಾದಾಗ ಮಂಡಿ ಮಡಿಸಿದರೆ ಆ ಕಂಡಿ ತೆರೆದು ದ್ರವ ಹಿಂದಕ್ಕೆ ಹೋಗುತ್ತದೆ. ಕಾಲು ನೀಡಿದಾಗ ಎರಡೂ ಸ್ನಾಯುಗಳು ಬಿಗಿದು ಕಂಡಿ ಮುಚ್ಚಿಕೊಳ್ಳುತ್ತದೆ. ಸೈಕಲ್ ಟ್ಯೂಬಿನ ವಾಲ್ವ್ ಹಾಗೆ: ಒಳಗೆ ಹೋದದ್ದು ಸುಲಭವಾಗಿ ವಾಪಸ್ ಬರುವುದಿಲ್ಲ. 1877ರಲ್ಲಿ ಬ್ರಿಟಿಷ್ ಸರ್ಜನ್ ವಿಲಿಯಂ ಮೊರಾಂಟ್ ಬೇಕರ್ ಇಂಥ ಊತಗಳನ್ನು ಕೀಲಿನ ಕಾಯಿಲೆಗೆ ಜೋಡಿಸಿ ಬರೆದಾಗ ಹೇಳಿದ್ದೂ ಇದನ್ನೇ.

ಅಂದರೆ ಹಿಂದಿನ ಗಂಟು ಕೋಡಿ, ಕೆರೆ ಇರುವುದು ಕೀಲಿನ ಒಳಗೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಮೃದ್ವಸ್ಥಿಯ ಸವಕಳಿ, ಮಂಡಿಯ ಮೂಳೆಗಳ ನಡುವಿನ ಮೆತ್ತೆಯಾದ ಮೆನಿಸ್ಕಸ್ ಹರಿದಿರುವುದು ಅಥವಾ ರುಮಟಾಯ್ಡ್ ಥರದ ಸಂಧಿವಾತ ಅಲ್ಲಿ ನೀರು ಹೆಚ್ಚಿಸುತ್ತಿರುತ್ತದೆ. ಮಕ್ಕಳಲ್ಲಿ ಲೆಕ್ಕ ಬೇರೆ. ಅವರಿಗೆ ಕೀಲು ಚೆನ್ನಾಗಿದ್ದರೂ ಬರಬಹುದು, ಹೆಚ್ಚಾಗಿ ತಾನಾಗಿಯೇ ಹೋಗುತ್ತದೆ. ನನ್ನದು ಸವಕಳಿಯ ಶುರು, ಜೊತೆಗೆ ಒಳಪಕ್ಕದ ಮೆನಿಸ್ಕಸ್‌ನಲ್ಲಿ ವಯಸ್ಸಿಗೆ ಬರುವಂಥ ಸಣ್ಣ ಬಿರುಕು. ಮಂಡಿ ಸಿಕ್ಕಿಹಾಕಿಕೊಳ್ಳುವುದಿಲ್ಲ, ಕುಸಿಯುವುದಿಲ್ಲ, ಹಾಗಾಗಿ ಸದ್ಯಕ್ಕೆ ಆಪರೇಷನ್ ಮಾತೇ ಬರಲಿಲ್ಲ.

ಸೂಜಿ ಹಾಕಿ ನೀರು ತೆಗೆಸಿದರೆ ಹೇಗೆ ಎಂದು ಕೇಳಿದೆ. ತೆಗೆಯಬಹುದು, ಜೊತೆಗೆ ಸ್ಟೀರಾಯ್ಡ್ ಇಂಜೆಕ್ಷನ್ನೂ ಕೊಡಬಹುದು, ಆದರೆ ಕಾರಣ ಹಾಗೇ ಉಳಿದರೆ ಮತ್ತೆ ತುಂಬಿಕೊಳ್ಳುವುದೇ ಹೆಚ್ಚು ಎಂದರು ಡಾಕ್ಟರ್. ನೀರು ಕೆಲವೊಮ್ಮೆ ಲೋಳೆಯಷ್ಟು ಮಂದವಾಗಿರುತ್ತದೆ, ಸೂಜಿಯಲ್ಲಿ ಬರುವುದೂ ಕಷ್ಟ. ನಡೆಯಲು, ಮಡಿಸಲು ದೊಡ್ಡ ತೊಂದರೆ ಇಲ್ಲದ್ದರಿಂದ ನಾನು ಬೇಡ ಅಂದೆ.

ಬೆಳಗಿನ ಟೇಪು

ಗಂಟನ್ನು ದಿನಾ ಮುಟ್ಟಿ ನೋಡುವುದು ಸುಮ್ನೆ ಕೆಲಸ. ನಾನು ಅಳೆಯುವುದು ಕೀಲನ್ನು. ಎದ್ದ ಕೂಡಲೇ ಕಾಲು ಚಾಚಿ, ಮಂಡಿಚಿಪ್ಪಿನ ನಡುಮಧ್ಯಕ್ಕೆ ಟೇಪು ಸುತ್ತಿ ಎರಡೂ ಕಾಲು ಅಳೆಯುತ್ತೇನೆ. ಶುರುವಿನಲ್ಲಿ ಬಲಗಾಲು ಒಂದೂವರೆ ಸೆಂಟಿಮೀಟರ್ ಜಾಸ್ತಿ ಇತ್ತು. ಟೇಪು ಒಂದು ಬೆರಳು ಮೇಲೋ ಕೆಳಗೋ ಹೋದರೆ ಅಳತೆಯೇ ಕೆಡುತ್ತದೆ, ಅದಕ್ಕೆ ಚರ್ಮದ ಮೇಲೆ ಪೆನ್ನಿನ ಗುರುತು ಇದೆ.

ಎರಡನೆಯದು ಸವರುವ ಪರೀಕ್ಷೆ. ಮಲಗಿ ತೊಡೆಯನ್ನು ಸಡಿಲ ಬಿಡಬೇಕು. ಮಂಡಿಚಿಪ್ಪಿನ ಒಳಪಕ್ಕದಲ್ಲಿ ಕೆಳಗಿನಿಂದ ತೊಡೆಯ ಕಡೆಗೆ ಅಂಗೈಯಿಂದ ಎರಡು ಮೂರು ಸಲ ಮೆಲ್ಲಗೆ ಸವರಬೇಕು. ಒಳಪಕ್ಕದ ಸಣ್ಣ ಕುಳಿ ಖಾಲಿಯಾಗಿ ಕಾಣುತ್ತದೆ. ಈಗ ಹೊರಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಒಂದೇ ಸಲ ಸವರಬೇಕು. ಕೀಲಿನಲ್ಲಿ ನೀರು ಹೆಚ್ಚಿದ್ದರೆ ಆ ಕುಳಿಯಲ್ಲಿ ಸಣ್ಣ ಅಲೆಯೊಂದು ಉಬ್ಬಿ ಬರುತ್ತದೆ. ಹೊರಗೆ ಸವರುವ ಮೊದಲೇ ಕುಳಿ ತಾನಾಗಿ ತುಂಬಿಕೊಂಡರೆ ನೀರು ಇನ್ನೂ ಜಾಸ್ತಿ. ಫಿಸಿಯೋ ಒಮ್ಮೆ ಕೈ ಹಿಡಿದು ತೋರಿಸಿದರೆ ಆಮೇಲೆ ಕಣ್ಣಿಗೆ ಚೆನ್ನಾಗಿ ಸಿಗುತ್ತದೆ.

ನಿಯಮ ಒಂದೇ: ಇಂದಿನ ವ್ಯಾಯಾಮ ಸರಿಯಿತ್ತೋ ಇಲ್ಲವೋ ಎಂದು ನಾಳೆಯ ಬೆಳಗು ಹೇಳಬೇಕು. ಓಡುವಾಗಿನ ನೋವನ್ನು ನಂಬಿದರೆ ಈ ಮಂಡಿ ಯಾವಾಗಲೂ ಸೈ ಅನ್ನುತ್ತದೆ. ನೀರು ತುಂಬಲು ಅದಕ್ಕೆ ಹೊತ್ತು ಬೇಕು.

ಮಾಡಿದ್ದು, ಬಿಟ್ಟಿದ್ದು

ಮೊದಲ ಹಂತದಲ್ಲಿ ಓಟ, ಆಳದ ಸ್ಕ್ವಾಟ್, ಮಂಡಿಯೂರುವುದು ಮೂರೂ ಬಂದ್. ಪೂರ್ತಿ ಮಡಿಸಿದಾಗ ಕೀಲಿನೊಳಗಿನ ಒತ್ತಡ ಏರಿ ನೀರು ಹಿಂದಕ್ಕೆ ತಳ್ಳಲ್ಪಡುತ್ತದೆ, ಅದಕ್ಕೆ. ಪೂರ್ತಿ ವಿಶ್ರಾಂತಿಯಂತೂ ಅಲ್ಲ. ತೊಡೆಯ ಮುಂದಿನ ಸ್ನಾಯು ಮಂಡಿಯಲ್ಲಿ ನೀರಿದ್ದರೆ ತಾನಾಗಿಯೇ ಮಂಕಾಗುತ್ತದೆ. ಅದು ಸೋತರೆ ಕೀಲಿನ ಮೇಲೆ ಹೊರೆ ಹೆಚ್ಚುತ್ತದೆ. ಆದ್ದರಿಂದ ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು, ಅದನ್ನು ಒತ್ತಿ, ಐದು ಸೆಕೆಂಡ್ ತೊಡೆ ಬಿಗಿ ಹಿಡಿಯುವುದು. ಕಾಲು ನೇರವಾಗಿಟ್ಟು ಎತ್ತುವುದು. ಸೀಟು ಎತ್ತರಿಸಿ, ಹಗುರ ಗೇರಿನಲ್ಲಿ ಸೈಕಲ್. ಸೀಟು ತಗ್ಗಿದ್ದರೆ ಮಂಡಿ ಜಾಸ್ತಿ ಮಡಿಸಿ ಹಿಂದಿನ ಬಿಗಿತ ಶುರುವಾಗುತ್ತದೆ, ಇದನ್ನು ಬೇಗ ಗುರುತಿಸಬಹುದು.

ವ್ಯಾಯಾಮದ ನಂತರ ಬಟ್ಟೆಯಲ್ಲಿ ಸುತ್ತಿದ ಐಸ್ 15ರಿಂದ 20 ನಿಮಿಷ, ಕಾಲು ದಿಂಬಿನ ಮೇಲೆ. ಎಲಾಸ್ಟಿಕ್ ಪಟ್ಟಿ ಹಗಲಲ್ಲಿ ಮಾತ್ರ, ಅದೂ ಮೃದುವಾದದ್ದು. ಬಿಗಿಯಾದದ್ದು ಹಾಕಿದರೆ ಪಾದ ಊದುತ್ತದೆ, ಜುಮ್ಮೆನ್ನುತ್ತದೆ. ನೋವಿನ ಮಾತ್ರೆ ಡಾಕ್ಟರ್ ಹೇಳಿದಷ್ಟು ದಿನ ಮಾತ್ರ, ಹೊಟ್ಟೆಗೂ ಕಿಡ್ನಿಗೂ ಅದು ಸುಮ್ಮನೆ ಬಿಡುವ ವಸ್ತುವಲ್ಲ. ಗಂಟನ್ನು ಉಜ್ಜಿ ಕರಗಿಸುತ್ತೇನೆ ಎಂದವರ ಹತ್ತಿರ ನಾನು ಕಾಲು ಕೊಡಲಿಲ್ಲ. ಚೀಲ ಒಡೆಯುವ ಭಯವೂ ಇದೆ, ಅದರಿಂದ ಕೀಲಿನ ನೀರೂ ಕಡಿಮೆಯಾಗುವುದಿಲ್ಲ.

ಕೆಲವು ವಾರಗಳಲ್ಲಿ ಅಂತರ ಅರ್ಧ ಸೆಂಟಿಮೀಟರಿಗೆ ಇಳಿಯಿತು. ಅಲೆ ಕಾಣಿಸುವುದು ಅಪರೂಪವಾಯಿತು. ಗಂಟು ಮಾತ್ರ ಹಾಗೇ ಇತ್ತು! ಇದರಲ್ಲಿ ಆಶ್ಚರ್ಯವಿಲ್ಲ, ಕೀಲು ಒಣಗಿದ ಮೇಲೂ ಚೀಲ ಖಾಲಿಯಾಗಲು ನಿಧಾನ.

ಆಗ ಸಮತಟ್ಟಾದ ದಾರಿಯಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಶುರು ಮಾಡಿದೆ. ಟೇಪು ಅಲುಗಲಿಲ್ಲ. ಉದ್ದ ಹೆಚ್ಚಿಸಿದಾಗಲೂ ಅಲುಗಲಿಲ್ಲ. ಒಂದು ದಿನ ಉದ್ದ ಇಳಿಜಾರು ಸೇರಿಸಿದೆ. ಮರುದಿನ ಬೆಳಿಗ್ಗೆ ಅಂತರ ಒಂದು ಸೆಂಟಿಮೀಟರ್, ಅಲೆ ಸ್ಪಷ್ಟ. ಎರಡು ದಿನ ಸೈಕಲ್‌ಗೆ ಇಳಿದ ಮೇಲೆ ಹಳೆಯ ಅಳತೆ ವಾಪಸ್. ದೂರಕ್ಕಿಂತ ಇಳಿಜಾರೇ ಈ ಮಂಡಿಗೆ ಆಗದು ಎಂದು ಟೇಪು ತೋರಿಸಿಕೊಟ್ಟಿತು.

ಮೀನಖಂಡ ಊದಿದರೆ

ನಮ್ಮ ಓಟದ ಗುಂಪಿನ ಒಬ್ಬರಿಗೆ ಇದೇ ಸಿಸ್ಟ್ ಒಡೆಯಿತು. ಮೆಟ್ಟಿಲು ಹತ್ತುವಾಗ ಹಿಂದೆ ಚುಳಕ್ಕೆಂದು, ನೀರು ಇಳಿದ ಹಾಗೆ ಅನ್ನಿಸಿತಂತೆ. ಸಂಜೆಗೆ ಮೀನಖಂಡ ಊದಿ ಬಿಸಿಯಾಗಿತ್ತು. ಸಿಸ್ಟ್ ಇರುವುದು ಗೊತ್ತೇ ಇತ್ತಲ್ಲ, ಅದೇ ಒಡೆದಿರಬೇಕು ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ಅವರು ಕೇಳದೆ ಎಮರ್ಜೆನ್ಸಿಗೆ ಹೋದರು, ಅದು ಸರಿಯಾದ ಕೆಲಸ. ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ, ಅಂದರೆ ಡಿವಿಟಿ ಆದರೂ, ಕಾಲು ಹೀಗೇ ಕಾಣುತ್ತದೆ. ಹೊರಗಿನಿಂದ ನೋಡಿ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ಎರಡೂ ಒಟ್ಟಿಗೆ ಇರಲೂಬಹುದು. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಅವರಿಗೆ ಹೆಪ್ಪು ಕಾಣಲಿಲ್ಲ. ಕೆಲವು ದಿನ ಬಿಟ್ಟು ಕಾಲ ಹರಡಿನ ಒಳಮೂಳೆಯ ಕೆಳಗೆ ಅರ್ಧಚಂದ್ರದಂತೆ ನೀಲಿ ಕಲೆ ಮೂಡಿತು. ಸಿಸ್ಟ್ ಒಡೆದಾಗ ಕೆಲವರಿಗೆ ಹೀಗಾಗುತ್ತದೆ. ಆದರೆ ಆ ಕಲೆಗಾಗಿ ಕಾಯುವಂತಿಲ್ಲ.

ಅಂದಿನಿಂದ ನಾನು ಮೀನಖಂಡವನ್ನೂ ಅಳೆಯುತ್ತೇನೆ. ಮಂಡಿಚಿಪ್ಪಿನ ಕೆಳಗೆ ಕಾಲಿನ ಮುಂದಿನ ಮೂಳೆಯಲ್ಲಿ ಒಂದು ಉಬ್ಬು ಕೈಗೆ ಸಿಗುತ್ತದೆ, ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ. ಡಿವಿಟಿ ಅನುಮಾನ ಎಷ್ಟೆಂದು ಡಾಕ್ಟರುಗಳು ಲೆಕ್ಕ ಹಾಕುವಾಗ ಎರಡೂ ಕಾಲಿನ ನಡುವೆ 3 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವನ್ನು ಒಂದು ಗುರುತಾಗಿ ಎಣಿಸುತ್ತಾರೆ. ಅದಕ್ಕಿಂತ ಕಡಿಮೆ ಇದ್ದರೆ ಭಯವಿಲ್ಲ ಎಂದು ಅರ್ಥವಲ್ಲ. ಇದ್ದಕ್ಕಿದ್ದಂತೆ ಮೀನಖಂಡ ಊದಿದರೆ ಅದೇ ದಿನ ತೋರಿಸಬೇಕು. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ಗಳಿಗೆಯೂ ಕಾಯಬಾರದು. ಮಂಡಿ ಕೆಂಪಾಗಿ ಕಾದು, ಮೈಗೆ ಜ್ವರ ಬಂದರೂ ಹಾಗೆಯೇ, ಅದು ಕೀಲಿಗೆ ಸೋಂಕು ತಗಲಿರುವ ಲಕ್ಷಣವಾಗಿರಬಹುದು.

ಈಗಿನ ಸ್ಥಿತಿ

ಸಮತಟ್ಟಿನಲ್ಲಿ ಐದು ಕಿಲೋಮೀಟರ್ ನಿಲ್ಲದೆ ಓಡುತ್ತಿದ್ದೇನೆ. ಬೆಳಗಿನ ಅಂತರ ಅರ್ಧ ಸೆಂಟಿಮೀಟರಿನ ಆಸುಪಾಸು. ಗಂಟು ಸಣ್ಣದಾಗಿದೆ, ಹೋಗಿಲ್ಲ. ಕುಕ್ಕರಗಾಲಲ್ಲಿ ಕೂತರೆ ಈಗಲೂ ಹಿಂದೆ ಒತ್ತುತ್ತದೆ. ಸ್ಕ್ವಾಟ್ಸ್ ಮತ್ತೆ ಶುರುವಾಗಿದೆ, ಕುರ್ಚಿಯ ಎತ್ತರದವರೆಗೆ ಮಾತ್ರ. ಮುಂದಿನ ತಿಂಗಳು ಗಿಡ್ಡ ಇಳಿಜಾರನ್ನು ನಡಿಗೆಯಲ್ಲಿ ಇಳಿದು ನೋಡಬೇಕು. ಎರಡು ಬೆಳಗು ಟೇಪು ಏರದಿದ್ದರೆ ಆಮೇಲೆ ಓಟ. ಏರಿದರೆ ಹತ್ತು ಕಿಲೋಮೀಟರಿಗೆ ಸಮತಟ್ಟಾದ ದಾರಿಯನ್ನೇ ಹುಡುಕಿಕೊಳ್ಳುತ್ತೇನೆ.