ಬಚ್ಚಲ ನಲ್ಲಿ ತಿರುಗಿಸಿದರೂ 38 ಡಿಗ್ರಿ: ಒಳ ಲೂಪ್ ಚುರುಕಾದ ಕಥೆ

ಮೊದಲು ಏನು ಕಟ್ಟಿದ್ದೇನೆ ಅಂತ ಎರಡು ಮಾತು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಇದೆ. ಎರಡು ನೀರು ಒಂದಕ್ಕೊಂದು ಬೆರೆಯದೆ, ಪ್ಲೇಟುಗಳ ಮೂಲಕ ಶಾಖ ಮಾತ್ರ ದಾಟುತ್ತದೆ. ಒಂದು ಕಡೆ ಮಹಡಿಯ ಸೋಲಾರ್ ಟ್ಯಾಂಕಿನಿಂದ ಇಳಿದು ಬರುವ 60 ಡಿಗ್ರಿಯ ಬಿಸಿನೀರು. ಇನ್ನೊಂದು ಕಡೆ ಸಂಪಿನಿಂದ ಸಣ್ಣ ಪಂಪು ಎತ್ತುವ 25 ಡಿಗ್ರಿಯ ತಣ್ಣೀರು, ನಿಮಿಷಕ್ಕೆ 4 ಲೀಟರ್. ಆ ತಣ್ಣೀರು 38 ಡಿಗ್ರಿಯಾಗಿ ಹೊರಬರಬೇಕು. ಬಿಸಿನೀರಿನ ಪೈಪಿಗೆ ಕಾಲು ಸುತ್ತಿನ ಬಾಲ್ ವಾಲ್ವ್ ಹಾಕಿ, ಅದರ ಹಿಡಿಗೆ ಸರ್ವೋ ಮೋಟರ್ ಜೋಡಿಸಿದ್ದೇನೆ. 38 ಬರಬೇಕಾದರೆ ಬಿಸಿನೀರು ಸುಮಾರು 2.5 ಲೀಟರ್ ಹರಿಯಬೇಕು. ಶಾಖ ಕಳೆದುಕೊಂಡ ಆ ನೀರು ಬಟ್ಟೆ ಒಗೆಯುವ ತೊಟ್ಟಿಗೆ ಹೋಗುತ್ತದೆ.

ಮೊದಲ ವಾರ

ಒಂದೇ ಲೂಪಿನಿಂದ ಶುರು ಮಾಡಿದೆ. ಹೊರಬರುವ ನೀರಿನ ತಾಪಮಾನ ನೋಡು, 38ಕ್ಕಿಂತ ಕಡಿಮೆಯಿದ್ದರೆ ವಾಲ್ವ್ ತೆರೆ, ಜಾಸ್ತಿಯಿದ್ದರೆ ಮುಚ್ಚು. ಸದ್ದಿಲ್ಲದ ಮಧ್ಯಾಹ್ನಗಳಲ್ಲಿ ಇದು ಚೆನ್ನಾಗಿಯೇ ನಡೆಯಿತು. ತೊಂದರೆ ಕಂಡದ್ದು ಸಂಜೆ. ಬಚ್ಚಲಿಗೂ ಅದೇ ಪೈಪಿನಿಂದ ಬಿಸಿನೀರು ಹೋಗುತ್ತದೆ. ಅಮ್ಮ ಅಲ್ಲಿ ನಲ್ಲಿ ತಿರುಗಿಸಿದ ಕೂಡಲೇ ಒತ್ತಡ ಇಳಿಯಿತು. ವಾಲ್ವ್ ಇದ್ದಲ್ಲೇ ಇತ್ತು, ಹರಿವು ಮಾತ್ರ 2.5ರಿಂದ 1.9ಕ್ಕೆ ಬಿತ್ತು.

ಇಲ್ಲಿ ಗಮನಿಸಬೇಕಾದದ್ದು ಸಮಯ. ಹರಿವು ಬಿದ್ದದ್ದು ಅರ್ಧ ಸೆಕೆಂಡಿನಲ್ಲಿ. ಆದರೆ ಪ್ಲೇಟುಗಳು ತಣ್ಣಗಾಗಿ, ನೀರು ಪೈಪು ದಾಟಿ, ಸೆನ್ಸರಿನ ಸ್ಟೀಲ್ ಕವಚ ತಣಿದು, ಏನೋ ಬದಲಾಗಿದೆ ಅಂತ ತಾಪಮಾನ ತೋರಿಸಲು 6 ಸೆಕೆಂಡು ಬೇಕಾಯಿತು. ಆಮೇಲೂ ಅದರ ಏರಿಳಿತ ನಿಧಾನ. ಒಂದು ಬದಲಾವಣೆಯ ಮೂರರಲ್ಲಿ ಎರಡು ಪಾಲು ಕಾಣಲು ಸುಮಾರು 25 ಸೆಕೆಂಡು ಹಿಡಿಯುತ್ತದೆ. ಲೂಪ್ ಎಚ್ಚೆತ್ತು ವಾಲ್ವ್ ತೆರೆಯುವ ಹೊತ್ತಿಗೆ ತಣ್ಣನೆಯ ನೀರು ಹೊರಟೇ ಹೋಗಿರುತ್ತದೆ. ತಾಪಮಾನ 36.6ರವರೆಗೆ ಇಳಿದು, ಮತ್ತೆ 38ಕ್ಕೆ ಬರಲು ಎರಡು ನಿಮಿಷ ಬೇಕಾಯಿತು. ನಲ್ಲಿ ಮುಚ್ಚಿದಾಗ ಇದೇ ಕಥೆ ಮೇಲ್ಮುಖವಾಗಿ.

ಎರಡನೇ ವಾರ

ಹರಿವು ಬಿದ್ದದ್ದನ್ನು ತಾಪಮಾನದಿಂದ ತಿಳಿಯುವುದೇಕೆ, ಹರಿವನ್ನೇ ನೋಡಬಹುದಲ್ವಾ? ಕ್ಯಾಸ್ಕೇಡ್ ಅಂದರೆ ಇಷ್ಟೇ. ತಾಪಮಾನದ ಹೊರ ಲೂಪ್ ಇನ್ನು ವಾಲ್ವ್ ಮುಟ್ಟುವುದಿಲ್ಲ. "2.5 ಲೀಟರ್ ಬೇಕು" ಅಂತ ಹೇಳುತ್ತದೆ, ಅಷ್ಟೇ. ಹರಿವಿನ ಒಳ ಲೂಪ್ ವಾಲ್ವನ್ನು ಹೇಗಾದರೂ ತಿರುಗಿಸಿ ಆ 2.5 ತಂದು ಕೊಡುತ್ತದೆ.

```
flow = readFlow();            // 0.2 s
if (++n >= 10) {              // 2 s
  flowSP = outer(tempSP - temp);
  n = 0;
}
valve = inner(flowSP - flow);
```

ಹರಿವಿಗೆ ವೈಎಫ್-ಎಸ್201 ಸೆನ್ಸರ್ ಹಾಕಿದೆ. ಒಳಗೊಂದು ಪುಟ್ಟ ಚಕ್ರ ತಿರುಗಿ ಪಲ್ಸ್ ಕೊಡುತ್ತದೆ. ಸೆಕೆಂಡಿನ ಪಲ್ಸ್ ಸಂಖ್ಯೆ ಅಂದರೆ ನಿಮಿಷದ ಲೀಟರಿನ 7.5 ಪಟ್ಟು. ನಾನು 0.2 ಸೆಕೆಂಡಿಗೊಮ್ಮೆ ಪಲ್ಸ್ ಎಣಿಸುತ್ತಿದ್ದೆ. 2.5 ಲೀಟರಿಗೆ ಆ ಅವಧಿಯಲ್ಲಿ ಸಿಗುವುದು 3 ಅಥವಾ 4 ಪಲ್ಸ್. ಒಂದು ಪಲ್ಸ್ ಹೆಚ್ಚುಕಮ್ಮಿಯಾದರೆ ಓದು 2.0ರಿಂದ 2.67ಕ್ಕೆ ಹಾರುತ್ತದೆ! ಸರ್ವೋ ನಿಂತಲ್ಲಿ ನಿಲ್ಲದೆ ನಡುಗತೊಡಗಿತು.

ನಡುಕ ತಪ್ಪಿಸಲು ಓದಿಗೆ ಭಾರಿ ಫಿಲ್ಟರ್ ಹಾಕಿದೆ. ಹಳೆಯ ಮೌಲ್ಯದ 99 ಪಾಲು, ಹೊಸದರದ್ದು 1 ಪಾಲು. ಗ್ರಾಫ್ ಬೆಣ್ಣೆಯಂತೆ ನುಣುಪಾಯಿತು. ಆದರೆ 0.2 ಸೆಕೆಂಡಿಗೊಮ್ಮೆ ಹೀಗೆ ಮಾಡಿದರೆ ಓದು ನಿಜವಾದ ಹರಿವಿಗಿಂತ ಸುಮಾರು 20 ಸೆಕೆಂಡು ಹಿಂದೆ ನಡೆಯುತ್ತದೆ. ಅದಕ್ಕೆ ತಕ್ಕಂತೆ ಒಳ ಲೂಪನ್ನೂ ಮೆತ್ತಗೆ ಮಾಡಬೇಕಾಯಿತು. ಕೇಳಿದ ಹರಿವು ಪೂರ್ತಿ ಕೈಗೆ ಬರಲು ಒಂದು ನಿಮಿಷ.

ಕ್ಯಾಸ್ಕೇಡ್ ಆನ್ ಮಾಡಿದರೆ ಒಂದೇ ಲೂಪ್ ಇದ್ದಾಗಿನದಕ್ಕಿಂತ ಕೆಟ್ಟದಾಯಿತು. ಸುಮಾರು ಎರಡು ನಿಮಿಷಕ್ಕೊಂದು ಅಲೆ ಎದ್ದು, ಐದಾರು ಸಲ ತೂಗಿದ ಮೇಲೆಯೇ ನಿಲ್ಲುತ್ತಿತ್ತು. ಸೆಟ್‌ಪಾಯಿಂಟ್, ಅಂದರೆ ಗುರಿಯ ತಾಪಮಾನ, ಇಳಿಸಿ ಹರಿವು ಕಡಿಮೆ ಮಾಡಿದರೆ ಇನ್ನೂ ಜೋರು. ಹರಿವು ಕಡಿಮೆಯಿದ್ದಾಗ ಅದೇ ಕಾಲು ಲೀಟರ್ ಹೆಚ್ಚಳ ತಾಪಮಾನವನ್ನು ಜಾಸ್ತಿ ಏರಿಸುತ್ತದೆ, ಅದಕ್ಕೆ.

ಯಾಕೆ ಹೀಗಾಯಿತು

ಗ್ರಾಫಿನಲ್ಲಿ ಮೂರು ಗೆರೆ ಒಟ್ಟಿಗೆ ಬಿಡಿಸಿದಾಗ ಅರ್ಥವಾಯಿತು: ಕೇಳಿದ ಹರಿವು, ಬಂದ ಹರಿವು, ತಾಪಮಾನ. ಹೊರ ಲೂಪ್ 2.8 ಕೇಳುತ್ತದೆ. ಒಳಗಿನದು ಇನ್ನೂ 2.5ರ ಹತ್ತಿರ ಇದೆ. ತಾಪಮಾನ ಏರಲಿಲ್ಲವಲ್ಲ ಅಂತ ಹೊರಗಿನದು 3 ಕೇಳುತ್ತದೆ. ಹಳೆಯ ಬೇಡಿಕೆ ಕೈಗೆ ಬರುವ ಮೊದಲೇ ಹೊಸದು. ಕೊನೆಗೆ ಎಲ್ಲಾ ಒಟ್ಟಿಗೆ ಬಂದು ತಾಪಮಾನ 39 ದಾಟುತ್ತದೆ, ಆಮೇಲೆ ಅದೇ ಆಟ ಕೆಳಮುಖವಾಗಿ.

ಲೆಕ್ಕವೂ ಹಾಕಿ ನೋಡಿದೆ. 112 ಸೆಕೆಂಡಿನ ಅಲೆ 20 ಸೆಕೆಂಡಿನ ಲ್ಯಾಗ್ ದಾಟಿದರೆ, ಒಂದು ಪೂರ್ತಿ ಅಲೆಗೆ 360 ಡಿಗ್ರಿ ಅನ್ನುವ ಲೆಕ್ಕದಲ್ಲಿ, ಸುಮಾರು 48 ಡಿಗ್ರಿ ಹಿಂದೆ ಬೀಳುತ್ತದೆ, ಅಂದರೆ 15 ಸೆಕೆಂಡು ತಡ. ಇದು ಹೊರ ಲೂಪಿಗೆ ಮೊದಲೇ ಇದ್ದ 6 ಸೆಕೆಂಡಿನ ತಡದ ಮೇಲೆ ಬಂದು ಕೂರುತ್ತದೆ. ಒಳ ಲೂಪ್ 2 ಸೆಕೆಂಡಿನದಾದರೆ ನನ್ನ ಟ್ಯೂನಿಂಗಿನಲ್ಲಿ ಫೇಸ್ ಮಾರ್ಜಿನ್, ಅಂದರೆ ಲೂಪ್ ನಿಲ್ಲದೆ ತೂಗತೊಡಗುವ ಮೊದಲು ಉಳಿದಿರುವ ಅಂತರ, 52 ಡಿಗ್ರಿ ಉಳಿಯುತ್ತದೆ. 20 ಸೆಕೆಂಡಿನದಾದರೆ ಬರೀ 23. ಒಳ ಲೂಪ್ ಹೊರಗಿನದಕ್ಕಿಂತ ಕನಿಷ್ಠ ಮೂರರಿಂದ ಐದು ಪಟ್ಟು ವೇಗವಾಗಿರಬೇಕು ಅನ್ನುವ ರೂಢಿಯ ಮಾತು ಇಲ್ಲಿಂದಲೇ ಬರುತ್ತದೆ. ಅಷ್ಟು ಅಂತರವಿದ್ದರೆ ಹೊರ ಲೂಪಿನ ಕಣ್ಣಿಗೆ ಕೇಳಿದ ಹರಿವೂ ಬಂದ ಹರಿವೂ ಒಂದೇ. ನನ್ನದರಲ್ಲಿ ಹೊರಗಿನ 25 ಸೆಕೆಂಡಿಗೆ ಒಳಗಿನದು 20 ಇತ್ತು.

ಮೂರನೇ ವಾರ

ಪಲ್ಸ್ ಎಣಿಸುವುದನ್ನು ಬಿಟ್ಟೆ. ಬದಲಿಗೆ ಎರಡು ಪಲ್ಸ್‌ಗಳ ನಡುವಿನ ಸಮಯವನ್ನು ಮೈಕ್ರೋಸೆಕೆಂಡಿನಲ್ಲಿ ಅಳೆದು, ಕೊನೆಯ ನಾಲ್ಕರ ಸರಾಸರಿ ತೆಗೆದೆ. 2.5 ಲೀಟರಿನಲ್ಲಿ ಒಂದು ಪಲ್ಸ್‌ನಿಂದ ಇನ್ನೊಂದಕ್ಕೆ ಸುಮಾರು 53 ಮಿಲಿಸೆಕೆಂಡು, ಹಾಗಾಗಿ 0.2 ಸೆಕೆಂಡಿನಲ್ಲೇ ನಡುಕವಿಲ್ಲದ ಓದು ಸಿಕ್ಕಿತು. ಭಾರಿ ಫಿಲ್ಟರ್ ಕಿತ್ತು ಹಾಕಿದೆ.

ಟ್ಯೂನಿಂಗನ್ನು ಒಳಗಿನಿಂದ ಶುರು ಮಾಡಿದೆ. ಹೊರ ಲೂಪ್ ಆಫ್ ಮಾಡಿ, ಹರಿವಿನ ಸೆಟ್‌ಪಾಯಿಂಟನ್ನು ಕೈಯಲ್ಲೇ 2ರಿಂದ 2.5ಕ್ಕೆ ಬದಲಿಸುತ್ತಾ, ಹರಿವು 5–6 ಸೆಕೆಂಡಿನಲ್ಲಿ ಪೂರ್ತಿ ನಿಲ್ಲುವ ತನಕ ಸರಿಮಾಡಿದೆ. ಆಮೇಲೆ ಹೊರಗಿನದು.

ಬಕೆಟ್ ಮತ್ತು ತಕ್ಕಡಿ ಇಟ್ಟು ಪರೀಕ್ಷಿಸಿದರೆ ಸೆನ್ಸರ್ ಸುಮಾರು ಶೇಕಡಾ 8ರಷ್ಟು ಜಾಸ್ತಿ ತೋರಿಸುತ್ತದೆ. ಅದನ್ನು ಹಾಗೇ ಬಿಟ್ಟಿದ್ದೇನೆ. 2.5 ಅನ್ನುವುದು ನಿಜಕ್ಕೂ 2.3 ಆದರೆ ಹೊರ ಲೂಪ್ 2.7 ಕೇಳಿ ಸರಿದೂಗಿಸುತ್ತದೆ. ಒಳಗಿನ ಸೆನ್ಸರ್ ಬೇಗ ಹೇಳಬೇಕು, ಪ್ರತಿ ಸಲವೂ ಒಂದೇ ಥರ ಹೇಳಬೇಕು.

ಸಂಜೆ ಅಮ್ಮನಿಗೆ ನಲ್ಲಿ ತಿರುಗಿಸಲು ಹೇಳಿದೆ. ಹರಿವು 1.9ಕ್ಕೆ ಬಿತ್ತು, ಸರ್ವೋ ತಕ್ಷಣ ತಿರುಗಿತು, ಆರು ಸೆಕೆಂಡಿನಲ್ಲಿ ಮತ್ತೆ 2.5. ತಾಪಮಾನ 37.8ಕ್ಕೆ ಇಳಿದು ವಾಪಸ್ ಬಂತು. "ಆಯ್ತೇನೋ?" ಅಂತ ಅಮ್ಮ ಕೂಗಿದಾಗ ನಾನಿನ್ನೂ ಪರದೆಯನ್ನೇ ನೋಡುತ್ತಿದ್ದೆ.

ಇನ್ನೊಂದು ಪರೀಕ್ಷೆಯನ್ನೂ ಬರೆದಿಡುತ್ತೇನೆ. ತಣ್ಣೀರನ್ನು 4ರಿಂದ 5 ಲೀಟರಿಗೆ ಏರಿಸಿದಾಗ ಕ್ಯಾಸ್ಕೇಡ್ ಇದ್ದರೂ ಇಲ್ಲದಿದ್ದರೂ ತಾಪಮಾನ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಬಿಸಿನೀರಿನ ಹರಿವು ಬದಲಾಗಿಲ್ಲ, ಹಾಗಾಗಿ ಒಳ ಲೂಪಿಗೆ ಏನೂ ಕಾಣುವುದಿಲ್ಲ. ಸೋಲಾರ್ ಟ್ಯಾಂಕ್ ತಣ್ಣಗಾದರೂ ಹೀಗೆಯೇ. ಒಳ ಲೂಪ್ ಹಿಡಿಯುವುದು ತನ್ನೊಳಗೆ ಬರುವ ಏರುಪೇರನ್ನು ಮಾತ್ರ.

ಮುಂದಿನ ಕೆಲಸ ಒಂದು ಬಾಕಿ. ಎರಡು ಬಚ್ಚಲಲ್ಲೂ ನಲ್ಲಿ ತೆರೆದರೆ ವಾಲ್ವ್ ಪೂರ್ತಿ ತೆರೆದರೂ 2.5 ಬರುವುದಿಲ್ಲ. ಆಗ ಹೊರ ಲೂಪಿನ ಇಂಟಿಗ್ರಲ್, ಅಂದರೆ ತಾಪಮಾನದ ವ್ಯತ್ಯಾಸವನ್ನು ಕೂಡಿಸಿಡುವ ಮೊತ್ತ, ಸುಮ್ನೆ ಏರುತ್ತಾ ಹೋಗುತ್ತದೆ, ನಲ್ಲಿ ಮುಚ್ಚಿದ ಮೇಲೆ ತಾಪಮಾನ 41 ಮುಟ್ಟುತ್ತದೆ. ವಾಲ್ವ್ ತುದಿ ಮುಟ್ಟಿದೆ ಅನ್ನುವ ಸುದ್ದಿ ಹೊರ ಲೂಪಿಗೆ ತಲುಪಿ, ಇಂಟಿಗ್ರಲ್ ಅಲ್ಲೇ ನಿಲ್ಲಬೇಕು. ಆ ನಾಲ್ಕು ಸಾಲು ಈ ಭಾನುವಾರ.