ಮಾರ್ಚ್ 20ರ ಬಿಸಿಲುಬೊಟ್ಟು: ನಾಲ್ಕನೇ ವರ್ಷದ ಲೆಕ್ಕ

ಜಾಗ: ಕಾಸರಗೋಡು, ಹಂಚಿನ ಮಾಡಿನ ಅಡಿಕೆ ಕೊಟ್ಟಿಗೆ. ಅಕ್ಷಾಂಶ ಸುಮಾರು 12.5 ಡಿಗ್ರಿ ಉತ್ತರ. ಮಾಡಿನಿಂದ ಒಂದು ಹಂಚು ತೆಗೆದು, ಅಲ್ಲಿ 4 ಮಿ.ಮೀ. ತೂತಿರುವ ತಗಡನ್ನು ಮಟ್ಟಸವಾಗಿ ಕೂರಿಸಿದೆ. ತೂತಿನಿಂದ ಸಿಮೆಂಟ್ ನೆಲಕ್ಕೆ ಸರಿಯಾಗಿ 3 ಮೀಟರ್. ಬಾಗಿಲು ಮುಚ್ಚಿದರೆ ನೆಲದ ಮೇಲೆ 33 ಮಿ.ಮೀ. ಅಗಲದ ಬೆಳಕಿನ ಬೊಟ್ಟು ಬೀಳುತ್ತದೆ. ಅದು ತೂತಿನ ಆಕಾರವಲ್ಲ, ಸೂರ್ಯನದೇ ಬಿಂಬ.

ನೋಡಬೇಕಾದದ್ದು ಇಷ್ಟೇ: ಪ್ರತಿ ವರ್ಷ ಅದೇ ತಾರೀಕು, ಅದೇ ಹೊತ್ತಿಗೆ ಬೊಟ್ಟು ಅದೇ ಜಾಗದಲ್ಲಿ ಬೀಳುತ್ತದೆಯೇ? ಬೀಳುವುದಿಲ್ಲ. ಭೂಮಿ ಒಂದು ಋತುಚಕ್ರ ಮುಗಿಸಲು 365.2422 ದಿನ ಬೇಕು, ಕ್ಯಾಲೆಂಡರ್ 365ಕ್ಕೇ ಪುಟ ಮಗುಚುತ್ತದೆ. ಉಳಿದ ಕಾಲು ದಿನಕ್ಕೆ ಸ್ವಲ್ಪ ಕಡಿಮೆ ಭಾಗ ನೆಲದ ಮೇಲೆ ಎಷ್ಟು ಮಿಲಿಮೀಟರ್ ಆಗುತ್ತದೆ ಎಂಬುದೇ ಈ ಅಳತೆ.

ಮಾರ್ಚ್ 20 ಏಕೆ? ಸೂರ್ಯ ದಕ್ಷಿಣದಿಂದ ಉತ್ತರಕ್ಕೆ ಅತಿ ವೇಗವಾಗಿ ಸರಿಯುವುದು ವಿಷುವದ, ಅಂದರೆ ಭೂಮಧ್ಯರೇಖೆ ದಾಟುವ ಕ್ಷಣದ, ಆಸುಪಾಸಿನಲ್ಲಿ, ದಿನಕ್ಕೆ 0.395 ಡಿಗ್ರಿಯಂತೆ. 3 ಮೀಟರ್ ಎತ್ತರದ ತೂತಿಗೆ ಅದು ನೆಲದ ಮೇಲೆ ದಿನಕ್ಕೆ 21.7 ಮಿ.ಮೀ., ಗಂಟೆಗೆ 0.9 ಮಿ.ಮೀ. ಇದನ್ನೇ ಡಿಸೆಂಬರ್ 21ಕ್ಕೆ ಮಾಡಹೊರಟರೆ ಬೊಟ್ಟು ಎರಡು ಮೂರು ದಿನ ಕದಲಿದಂತೆಯೇ ಕಾಣದು.

ಹೊತ್ತು ಮಧ್ಯಾಹ್ನ 12:37. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಕಾಸರಗೋಡು 75 ಡಿಗ್ರಿಯಲ್ಲಿದೆ. ಆದ್ದರಿಂದ ಸೂರ್ಯ ಇಲ್ಲಿ ನೆತ್ತಿಯ ಗೆರೆಗೆ ಬರುವುದು 30 ನಿಮಿಷ ತಡ. ಮಾರ್ಚ್ 20ರ ಹೊತ್ತಿಗೆ ಸೂರ್ಯ ತಾನೇ ಏಳು ಚಿಲ್ಲರೆ ನಿಮಿಷ ಹಿಂದಿರುತ್ತಾನೆ, ಅದನ್ನೂ ಸೇರಿಸಬೇಕು. ಇದರಲ್ಲಿ ಒಂದೆರಡು ನಿಮಿಷ ತಪ್ಪಿದರೆ ಗಾಬರಿ ಬೇಡ. ವಿಷುವದ ದಿನ ಬೊಟ್ಟು ನೆಲದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬಹುತೇಕ ನೇರ ಗೆರೆಯಲ್ಲೇ ಓಡುತ್ತದೆ, ನಿಮಿಷಕ್ಕೆ 13 ಮಿ.ಮೀ. ನಮಗೆ ಬೇಕಾದದ್ದು ಉತ್ತರ-ದಕ್ಷಿಣದ ಅಳತೆ ಮಾತ್ರ. ಪೂರ್ವ-ಪಶ್ಚಿಮ ಗೆರೆಯನ್ನೇ ಓರೆಯಾಗಿ ಎಳೆದಿದ್ದರೆ ಮಾತ್ರ ತಡಮಾಡಿದ್ದು ಅಳತೆಯನ್ನು ಕೆಡಿಸುತ್ತದೆ.

2023

ಮೊದಲ ವರ್ಷದ ಕೆಲಸ ಸೊನ್ನೆ ಗೆರೆ, ಅಂದರೆ ಸೂರ್ಯ ಭೂಮಧ್ಯರೇಖೆಯ ನೇರಕ್ಕಿದ್ದಾಗ ಬೊಟ್ಟು ಬೀಳುವ ಗೆರೆ, ಹಾಕುವುದು. ಆ ಸಲ ವಿಷುವ ಕ್ಷಣ ಬಂದದ್ದು ಮಾರ್ಚ್ 21ರ ಬೆಳಗಿನ ಜಾವ 2:54ಕ್ಕೆ. 20ರ ಮಧ್ಯಾಹ್ನ ಒಂದು ಗುರುತು, 21ರ ಮಧ್ಯಾಹ್ನ ಇನ್ನೊಂದು. ಎರಡರ ಅಂತರ 21.5 ಮಿ.ಮೀ. ಸಿಕ್ಕಿತು. ಮೊದಲ ಗುರುತಿನಿಂದ ವಿಷುವಕ್ಕೆ 14 ಗಂಟೆ 17 ನಿಮಿಷ, ಅಂದರೆ 12.9 ಮಿ.ಮೀ. ದಕ್ಷಿಣಕ್ಕೆ ಸೊನ್ನೆ ಗೆರೆ. ಸೂರ್ಯ ಉತ್ತರಕ್ಕೆ ಹೋದಂತೆ ಬೊಟ್ಟು ದಕ್ಷಿಣಕ್ಕೆ ಸರಿಯುತ್ತದೆ, ಇದು ತಲೆಯಲ್ಲಿರಲಿ. ಗುರುತು ಅದಲುಬದಲಾಗುವುದು ಇಲ್ಲೇ. ಗೆರೆಯನ್ನು ಈ ಅಳತೆಯಿಂದಲೇ ಹಾಕಿದ ಕಾರಣ 2023 ಪರೀಕ್ಷೆಯ ಲೆಕ್ಕಕ್ಕಿಲ್ಲ. ಪರೀಕ್ಷೆ ಮುಂದಿನ ವರ್ಷದಿಂದ.

2024

ಫೆಬ್ರವರಿ 29 ನಡುವೆ ಬಂದ ವರ್ಷ. ವಿಷುವ ಮಾರ್ಚ್ 20ರ ಬೆಳಿಗ್ಗೆ 8:36ಕ್ಕೇ ಆಗಿಹೋಗಿತ್ತು. ಹಾಗಾಗಿ ಮಧ್ಯಾಹ್ನ ಬೊಟ್ಟು ಸೊನ್ನೆ ಗೆರೆ ದಾಟಿ 3.6 ಮಿ.ಮೀ. ದಕ್ಷಿಣಕ್ಕಿರಬೇಕು. ಸಿಕ್ಕಿದ್ದು 4. ಹಿಂದಿನ ವರ್ಷ ಉತ್ತರಕ್ಕೆ 12.9 ಇದ್ದದ್ದು ಒಂದೇ ನೆಗೆತಕ್ಕೆ ಹದಿನಾರೂವರೆ ಮಿ.ಮೀ. ಹಿಂದೆ ಬಂತು. ಆ ಒಂದು ದಿನ ಸೇರಿಸದೇ ಹೋಗಿದ್ದರೆ ಬೊಟ್ಟು ಇನ್ನಷ್ಟು ಉತ್ತರಕ್ಕೆ, 18ರ ಹತ್ತಿರ ನಿಲ್ಲುತ್ತಿತ್ತು. ಹಾಗೇ ನೂರು ವರ್ಷ ಬಿಟ್ಟರೆ 24 ದಿನದ ವ್ಯತ್ಯಾಸ. ಮಾರ್ಚ್ 20ರ ಬೊಟ್ಟು ಸೊನ್ನೆ ಗೆರೆಯಿಂದ ಅರ್ಧ ಮೀಟರಿಗೂ ಆಚೆ, ಈಗ ಫೆಬ್ರವರಿ 24ರ ಸುಮಾರಿಗೆ ಬೀಳುವ ಜಾಗದಲ್ಲಿ ಬೀಳುತ್ತದೆ.

2025

ವಿಷುವ ಮಧ್ಯಾಹ್ನ 2:31ಕ್ಕೆ. ಲೆಕ್ಕ ಉತ್ತರಕ್ಕೆ 1.7, ಮೊದಲು ಸಿಕ್ಕಿದ್ದು ಉತ್ತರಕ್ಕೆ 6. ಇಷ್ಟು ತಪ್ಪು ಸೂರ್ಯನದಲ್ಲ, ಮಾಡಿನದು. ಮಳೆಗಾಲದಲ್ಲಿ ರೀಪು ನೀರು ಕುಡಿದು ಬಾಗಿ, ತಗಡು 5 ಮಿ.ಮೀ. ಉತ್ತರಕ್ಕೆ ಜರುಗಿತ್ತು. ತೂತಿನಿಂದ ತೂಗುಗುಂಡು ಇಳಿಬಿಟ್ಟಾಗ ಅದರ ಮೊನೆ ಹಳೆಯ ಮೊಳೆಗುರುತಿನ ಮೇಲೆ ನಿಲ್ಲಲಿಲ್ಲ, ಗೊತ್ತಾದದ್ದು ಹಾಗೆ. ಅದನ್ನು ಕಳೆದ ಮೇಲೆ ಅಳತೆ 1 ಮಿ.ಮೀ.

ತೂತು ಪಕ್ಕಕ್ಕೆ ಎಷ್ಟು ಜರುಗಿತೋ ಬೊಟ್ಟೂ ಅಷ್ಟೇ ಜರುಗುತ್ತದೆ. ಎತ್ತರದ ತಪ್ಪು ಅಷ್ಟು ಕಾಡದು. ಮಾಡು ಒಂದು ಸೆಂ.ಮೀ. ತಗ್ಗಿದರೆ ಇಲ್ಲಿ 2.2 ಮಿ.ಮೀ. ವ್ಯತ್ಯಾಸ, ಏಕೆಂದರೆ ಬೊಟ್ಟು ಬೀಳುವುದು ಗುಂಡಿನ ಮೊನೆಯಿಂದ ಬರೀ 66 ಸೆಂ.ಮೀ. ದೂರದಲ್ಲಿ. ನೆಲದ ಇಳಿಜಾರು ಪ್ರತಿ ವರ್ಷವೂ ಒಂದೇ ಆದ್ದರಿಂದ ತಾನೇ ಕಳೆದುಹೋಗುತ್ತದೆ. ಈಗ ಕ್ರಮ ಹೀಗೆ: ಮೊದಲು ಗುಂಡು, ಆಮೇಲೆ ಟೇಪಿನಿಂದ ಎತ್ತರ, ಕೊನೆಗೆ ಬೊಟ್ಟು. ಬೊಟ್ಟಿನ ಅಂಚು ಮಸುಕಾಗಿರುವುದರಿಂದ ನಡುವನ್ನು ಕಣ್ಣಂದಾಜಿನಲ್ಲಿ ಹಿಡಿಯಬಾರದು. ಉತ್ತರದ ಅಂಚಿಗೊಂದು, ದಕ್ಷಿಣದ ಅಂಚಿಗೊಂದು ಸಣ್ಣ ಗೀಟು ಎಳೆದು ಎರಡರ ಮಧ್ಯ ತೆಗೆಯುವುದು.

2026

ವಿಷುವ ರಾತ್ರಿ 8:16ಕ್ಕೆ. ಲೆಕ್ಕ ಉತ್ತರಕ್ಕೆ 6.9, ಸಿಕ್ಕಿದ್ದು 7.5. ಏನೂ ತಕರಾರಿಲ್ಲ. 2027ಕ್ಕೆ 12ರ ಹತ್ತಿರ ಬರಬೇಕು, 2028ರ ಫೆಬ್ರವರಿ 29 ಆದ ಮೇಲೆ ಮತ್ತೆ ದಕ್ಷಿಣಕ್ಕೆ 4.4.

ಆ 4.4 ಎಂಬುದರಲ್ಲೇ ನಿಜವಾದ ಗುಟ್ಟಿರುವುದು. 2024ರಲ್ಲಿ ಅದು 3.6 ಇತ್ತು. ನಾಲ್ಕು ವರ್ಷಕ್ಕೊಂದು ದಿನ ಕೊಟ್ಟರೆ ವರ್ಷ 365.25 ಆಗುತ್ತದೆ, ಬೇಕಾದದ್ದಕ್ಕಿಂತ 11 ನಿಮಿಷ ಜಾಸ್ತಿ. ನಾಲ್ಕು ವರ್ಷಕ್ಕೆ ಮುಕ್ಕಾಲು ಗಂಟೆ, ಈ ನೆಲದ ಮೇಲೆ 0.7 ಮಿ.ಮೀ., ಅಂದರೆ ಪೆನ್ಸಿಲ್ ಗೆರೆಯಷ್ಟು. ನಮ್ಮ ಅಳತೆಯ ತಪ್ಪೇ ಅರ್ಧ ಮಿಲಿಮೀಟರ್ ದಾಟುವಾಗ ಇದು ಕೈಗೆ ಸಿಗದು. ಆದರೆ 128 ವರ್ಷಕ್ಕೆ ಅದು ಇಡೀ ಒಂದು ದಿನ. ಆ ನಿಯಮದ ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲಿ ಹೀಗೆ ಸೇರುತ್ತಾ ಹೋಗಿ 1582ರ ಹೊತ್ತಿಗೆ ವಿಷುವ ಮಾರ್ಚ್ 11ಕ್ಕೆ ಬಂದಿತ್ತು. ಆ ವರ್ಷ ಅಕ್ಟೋಬರ್ 4ರ ಮಾರನೇ ದಿನವನ್ನು 15 ಎಂದು ಕರೆದು ಹತ್ತು ದಿನ ಕೈಬಿಟ್ಟರು. ಮುಂದೆ ಹಾಗಾಗದಿರಲು 400 ವರ್ಷಕ್ಕೆ 100ರ ಬದಲು 97 ಅಧಿಕ ದಿನ ಎಂಬ ನಿಯಮ ಬಂತು. 2000 ಅಧಿಕ ವರ್ಷವಾಗಿದ್ದು, 2100 ಆಗದಿರುವುದು ಅದರಿಂದಲೇ.

ಈ ಚಿಕ್ಕ ಅಂತರವನ್ನು ಹಿಡಿಯಬೇಕಾದರೆ ತೂತು ಎತ್ತರದಲ್ಲಿರಬೇಕು. ಖಗೋಳ ವಿಜ್ಞಾನಿ ಕ್ಯಾಸಿನಿ 1655ರಲ್ಲಿ ಇಟಲಿಯ ಬೊಲೋನ್ಯಾದ ಸಾನ್ ಪೆಟ್ರೋನಿಯೋ ಚರ್ಚಿನಲ್ಲಿ ಮಾಡಿಸಿದ ತೂತು 27 ಮೀಟರ್ ಮೇಲಿದೆ. ಅಲ್ಲಿ ಸೂರ್ಯ ಇನ್ನಷ್ಟು ಓರೆ, ಬೊಟ್ಟು ವಿಷುವದ ಸಮಯದಲ್ಲಿ ದಿನಕ್ಕೆ ಸುಮಾರು 37 ಸೆಂ.ಮೀ. ಓಡುತ್ತದೆ. ನಮಗೆ 0.7 ಮಿ.ಮೀ. ಆದದ್ದು ಅಲ್ಲಿ 11 ಮಿ.ಮೀ. ಅಡಿಕೆ ಕೊಟ್ಟಿಗೆಗೆ ಅಷ್ಟು ಎತ್ತರ ಎಲ್ಲಿಂದ ತರುವುದು!

ಒಂದು ಉಪಗುರುತು. ಏಪ್ರಿಲ್ ಮಧ್ಯದ ವಿಷುವಿನ (ತುಳುವರ ಬಿಸು) ದಿನವೂ ಬೊಟ್ಟು ಗುರುತಿಸಿದೆ. ಹೆಸರಿನಲ್ಲಿ ವಿಷುವ ಇದ್ದರೂ ಬೊಟ್ಟು ಬಿದ್ದದ್ದು ಸೊನ್ನೆ ಗೆರೆಯಿಂದ ದಕ್ಷಿಣಕ್ಕೆ ಸುಮಾರು ಅರ್ಧ ಮೀಟರ್ ಆಚೆ, ಗುಂಡಿನ ಮೊನೆಗೆ ಒಂದು ಗೇಣಿನೊಳಗೆ. ಕಣಿ ಇಡುವವರು ತಪ್ಪಿದ್ದಲ್ಲ. ಆ ಲೆಕ್ಕ ಸೂರ್ಯ ನಕ್ಷತ್ರಗಳ ನಡುವೆ ಮೇಷಕ್ಕೆ ಬರುವುದನ್ನು ಹಿಡಿಯುತ್ತದೆ. ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ 20 ನಿಮಿಷ ಉದ್ದ, ಸುಮಾರು 70 ವರ್ಷಕ್ಕೊಂದು ದಿನ ಹಿಂದೆ ಬೀಳುತ್ತದೆ. ಅಲ್ಲಿ ಅಧಿಕ ದಿನದ ನಿಯಮವೇ ಇಲ್ಲ. ತಿಂಗಳು ಶುರುವಾಗುವುದು ಸಂಕ್ರಮಣ ಆದ ಗಳಿಗೆ ನೋಡಿ, ಹಾಗಾಗಿ ಕಾಲು ದಿನ ಯಾವುದೋ ತಿಂಗಳ ಉದ್ದದಲ್ಲಿ ತಾನೇ ಸೇರಿಹೋಗುತ್ತದೆ.

ಮುಂದಿನ ಮಾರ್ಚಿಗೆ ಮೊದಲು ಮಾಡಬೇಕಾದದ್ದು: ತಗಡನ್ನು ರೀಪಿನಿಂದ ಬಿಡಿಸಿ, ಮುರಕಲ್ಲಿನ ಗೋಡೆಯಿಂದ ಕಬ್ಬಿಣದ ಕೈ ಚಾಚಿ ಅದಕ್ಕೆ ಬಿಗಿಯುವುದು.