ಸೂಪರ್ ಯೂಸರ್ ಕುರ್ಚಿ ಬಿಡುವ ಮುನ್ನ: COGIಯಲ್ಲಿ ಸಿಕ್ಕಿಕೊಂಡಿದ್ದ 41 ಕೆಜಿ ಕಬ್ಬಿಣ

ಕೊನೆಗೂ ಸಿಕ್ಕಿತು! ನಮ್ಮ ಫ್ಯಾಕ್ಟರಿಯ ಸ್ಯಾಪ್‌ನಲ್ಲಿ ಎರಡೂವರೆ ವರ್ಷದಿಂದ ಪ್ರತಿ ತಿಂಗಳ ಕೊನೆಗೆ ನನ್ನ ಪ್ರಾಣ ತಿನ್ನುತ್ತಿದ್ದ 32 ಎಂಎಂ ರೌಂಡ್ ರಾಡಿನ ಲೆಕ್ಕ ಗುರುವಾರ ಸಂಜೆ ತಾಳೆ ಬಿತ್ತು. ನನ್ನ ನೋಟಿಸ್ ಪೀರಿಯಡ್‌ನಲ್ಲಿ ಉಳಿದಿರುವುದು ಆರು ದಿನ. ಬಾಡಿಗೆ ಮನೆ ಖಾಲಿ ಮಾಡುವ ಹಿಂದಿನ ದಿನ ನಲ್ಲಿ ರಿಪೇರಿ ಆದ ಹಾಗೆ.

ಮ್ಯಾನೇಜರ್ ಕೇಳಿದ್ದು ಒಂದು ಹ್ಯಾಂಡೋವರ್ ನೋಟ್. ನನ್ನ ಜಾಗಕ್ಕೆ ಬರುತ್ತಿರುವ ಮೇಡಂ ಸ್ಟೋರ್ಸ್‌ನಲ್ಲೇ ನಾಲ್ಕು ವರ್ಷ ಕೆಲಸ ಮಾಡಿದವರು. ಅವರಿಗೆ MIGOದಲ್ಲಿ ಮಾಲಿನ ಎಂಟ್ರಿ ಹೇಗೆ ಮಾಡುವುದು ಅಂತ ನಾನು ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಮೇಡಂ, ದಿನದ ಕೆಲಸ ಬೇಗ ಮುಗಿಸಿ ರಾಡಿನ ಕಥೆಗೆ ಬರುತ್ತೇನೆ. ಬೇರೆ ಫ್ಯಾಕ್ಟರಿಗಳ ಸ್ಯಾಪ್ ಸೂಪರ್ ಯೂಸರ್‌ಗಳಿಗೂ ಉಪಯೋಗ ಆದೀತು.

ಬೆಳಿಗ್ಗೆ ಕಾಫಿಗೆ ಮುಂಚೆ COGI ನೋಡಿ. ಹಿಂದಿನ ದಿನದ ಪ್ರೊಡಕ್ಷನ್ ಕನ್ಫರ್ಮೇಶನ್‌ನಲ್ಲಿ ತಾನಾಗಿ ಇಳಿಯಬೇಕಿದ್ದ ಮಾಲು ಇಳಿಯದೆ ಹೋದರೆ ಅದು ಬಂದು ಕೂರುವುದು ಇಲ್ಲೇ. ಮೆಸೇಜಿನಲ್ಲಿ ಯಾರೋ ಮೆಟೀರಿಯಲ್ ಲಾಕ್ ಮಾಡಿದ್ದಾರೆ ಅಂತ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಯಾರೋ ಸ್ಕ್ರೀನ್ ತೆರೆದಿಟ್ಟು ಊಟಕ್ಕೆ ಹೋಗಿರುತ್ತಾರೆ. ಲೈನ್ ಆರಿಸಿ ಮತ್ತೆ ಪೋಸ್ಟ್ ಮಾಡಿ, ಹೋಗುತ್ತದೆ. `Deficit of SL Unrestricted-use`, ಅಂದರೆ ಸಿಸ್ಟಮ್‌ನಲ್ಲಿ ಸ್ಟಾಕ್ ಸಾಲದು ಅಂತ ಬಂದರೆ ಮಾತ್ರ ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ.

ತಿಂಗಳ ಮೊದಲ ದಿನ MMPVಯಲ್ಲಿ ಹೊಸ ತಿಂಗಳು ತೆರೆಯಿರಿ. ಅಲ್ಲಿ ಪೀರಿಯಡ್ ನಂಬರ್ ಹಾಕಬೇಡಿ, ತಾರೀಕು ಹಾಕಿ. ನಮ್ಮ ಹಣಕಾಸು ವರ್ಷ ಏಪ್ರಿಲ್‌ನಿಂದ ಶುರು, ಅಂದರೆ ಏಪ್ರಿಲ್ ಪೀರಿಯಡ್ 1. ನಿದ್ದೆಗಣ್ಣಲ್ಲಿ 4 ಅಂತ ಒತ್ತಿದರೆ ಕಥೆ ಮುಗಿಯಿತು. ಹೊಸ ತಿಂಗಳು ತೆರೆದ ಮೇಲೆ ಅದು ಮತ್ತು ಅದರ ಹಿಂದಿನ ತಿಂಗಳು ಮಾತ್ರ ಮಾಲಿನ ಪೋಸ್ಟಿಂಗ್‌ಗೆ ಸಿಗುತ್ತವೆ. ಅದಕ್ಕೂ ಹಿಂದಿನ ತಾರೀಕಿನ ಲೈನ್ COGIಯಲ್ಲಿ ಉಳಿದಿದ್ದರೆ ಆ ತಾರೀಕಿಗೆ ಅದು ಇಳಿಯುವುದಿಲ್ಲ. ಆದ್ದರಿಂದ ಮೊದಲು COGI ಖಾಲಿ, ಆಮೇಲೆ MMPV. ಯಾರಾದರೂ "MMPIಯಲ್ಲಿ ಹಳೆಯ ತಿಂಗಳು ತೆಗೆಯಬಹುದಂತೆ" ಅಂದರೆ ಟೀ ಕುಡಿಸಿ ಕಳಿಸಿಬಿಡಿ.

ಶಾರ್ಟ್‌ಕಟ್ ಜಾಸ್ತಿ ಇಲ್ಲ. ಕೋಡಿಗೆ ಮೊದಲು `/o` ಹಾಕಿ ಹೊಸ ಕಿಟಕಿಯಲ್ಲಿ ತೆರೆಯಿರಿ. SU3ರ ಪ್ಯಾರಾಮೀಟರ್‌ನಲ್ಲಿ `WRK` ಎದುರು ನಮ್ಮ ಪ್ಲಾಂಟ್ ಕೋಡ್ ಹಾಕಿಟ್ಟುಕೊಳ್ಳಿ, ದಿನಕ್ಕೆ ನೂರು ಸಲ ಟೈಪ್ ಮಾಡುವುದು ತಪ್ಪುತ್ತದೆ. `/nex` ಮಾತ್ರ ಜೋಪಾನ. ಸೇವ್ ಮಾಡಬೇಕಾ ಅಂತ ಅದು ಕೇಳುವುದೇ ಇಲ್ಲ.

ಈಗ ರಾಡು.

ನಮ್ಮ ಶಾಫ್ಟ್‌ಗೆ ಒಂದು ಪೀಸಿಗೆ 155 ಎಂಎಂ ರಾಡು ಬೇಕು. ಬಿಒಎಂನಲ್ಲಿ 0.155 ಮೀಟರ್ ಅಂತಿದೆ. ಆದರೆ ಸ್ಟಾಕ್ ಇರುವುದು ಕೆಜಿಯಲ್ಲಿ, ಖರೀದಿಯೂ ಕೆಜಿಯಲ್ಲಿ. 500 ಪೀಸಿನ ಆರ್ಡರ್ ಆದ ಮೇಲೆಲ್ಲ ಸ್ಟೋರ್ಸ್‌ನ ರ‍್ಯಾಕ್‌ನಲ್ಲಿ ರಾಡು ಕಣ್ಣಿಗೆ ಕಾಣುತ್ತದೆ, ಸಿಸ್ಟಮ್‌ನಲ್ಲಿ ಅಷ್ಟಿಲ್ಲ. ತೂಕ ಹಾಕಿದರೆ ಹೆಚ್ಚುಕಡಿಮೆ 41 ಕೆಜಿ ವ್ಯತ್ಯಾಸ. ತಿಂಗಳಿಗೆ ಇಂಥ ಮೂರ್ನಾಲ್ಕು ಆರ್ಡರ್. ಕೊನೆಯ ವಾರ ಬರುವ ಹೊತ್ತಿಗೆ COGI ತುಂಬ ಕೆಂಪು.

ನಾನು ಏನು ಮಾಡುತ್ತಿದ್ದೆ? ಒಪ್ಪಿಕೊಂಡುಬಿಡುತ್ತೇನೆ. ರ‍್ಯಾಕ್ ಎಣಿಸಿ, ಹೆಚ್ಚಿಗೆ ಕಂಡಷ್ಟನ್ನು 701ರಲ್ಲಿ ಒಳಗೆ ತೆಗೆದುಕೊಂಡು, COGI ಖಾಲಿ ಮಾಡಿ, ಮನೆಗೆ ಹೋಗುತ್ತಿದ್ದೆ. ಹಾಗಾಗಿ ವರ್ಷದ ಕೌಂಟ್‌ನಲ್ಲಿ ಈ ರಾಡು ಯಾವತ್ತೂ ಸರಿಯಾಗೇ ಇರುತ್ತಿತ್ತು. ಆಡಿಟರ್ ಅದರ ಕಡೆ ತಿರುಗಿಯೂ ನೋಡಲಿಲ್ಲ. ಜ್ವರಕ್ಕೆ ದಿನಾ ಮಾತ್ರೆ ನುಂಗಿಸಿ, ಥರ್ಮಾಮೀಟರ್ ಇಟ್ಟು "ನೋಡಿ, ಜ್ವರವೇ ಇಲ್ಲ" ಅಂದ ಹಾಗೆ.

ಮೊದಲ ಅನುಮಾನ ಸಪ್ಲೈಯರ್ ಮೇಲೆ. ಆ ಪುಣ್ಯಾತ್ಮನ ಲಾರಿ ಬರುವುದೇ ಮಧ್ಯಾಹ್ನ ಒಂದೂವರೆಗೆ, ಎಲ್ಲರೂ ಕೈ ತೊಳೆದು ಕೂತಾಗ. ಚಲನ್‌ನಲ್ಲಿ ತೂಕದ ಬದಲು "60 ಪೀಸ್" ಅಂತ ಬರೆದಿರುತ್ತಾನೆ. ಕೇಳಿದರೆ "ಲೆಕ್ಕ ಹಾಕ್ಕೊಳ್ಳಿ ಸಾರ್, ಎಲ್ಲಾ ಆರು ಮೀಟರೇ" ಅಂತಾನೆ. ಅವನು ಕಡಿಮೆ ಬರೆದು ಜಾಸ್ತಿ ಕಬ್ಬಿಣ ಕೊಡುತ್ತಿದ್ದಾನೆ ಅಂತ ನಾನು ಅನುಮಾನ ಪಟ್ಟಿದ್ದನ್ನು ನೆನೆಸಿಕೊಂಡರೆ ಈಗ ನಗು ಬರುತ್ತದೆ. ಅವನು ಅಷ್ಟು ದಾನಶೂರ ಅಲ್ಲ. ಆದರೂ ವೇಬ್ರಿಡ್ಜ್ ಚೀಟಿ ಇಲ್ಲದೆ MIGO ಇಲ್ಲ ಅಂತ ರೂಲ್ ಮಾಡಿಸಿದೆ. ಅದನ್ನು ಬಿಡಬೇಡಿ.

ಒಂದು ದಿನ ಸಿಟ್ಟು ಬಂದು ಟೂಲ್ ರೂಮಿನ ಅಣ್ಣನ ಹತ್ತಿರ ಸರಿಯಾಗಿ ಒಂದು ಮೀಟರ್ ತುಂಡು ಮಾಡಿಸಿ ತಕ್ಕಡಿಗೆ ಇಟ್ಟೆ. 6.29 ಕೆಜಿ. ರೌಂಡ್ ರಾಡಿನ ಸೂತ್ರ ಎಲ್ಲರಿಗೂ ಗೊತ್ತಲ್ವಾ, ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ 162ರಿಂದ ಭಾಗಿಸುವುದು. 32×32 ಅಂದರೆ 1024, ಭಾಗಿಸಿದರೆ 6.32. ತಕ್ಕಡಿ ಹೇಳಿದ್ದು ಹತ್ತಿರವೇ ಇತ್ತು. ಸಪ್ಲೈಯರ್ ಪಾಸ್.

ತಮಾಷೆ ಇರುವುದು ಇಲ್ಲೇ. ಆವತ್ತು ನಾನು ತಕ್ಕಡಿಯನ್ನು ಕ್ಯಾಲ್ಕುಲೇಟರ್ ಜೊತೆ ಹೋಲಿಸಿದೆ. ಸ್ಯಾಪ್ ಒಳಗೆ ಎಷ್ಟಿದೆ ಅಂತ ನೋಡಲೇ ಇಲ್ಲ. ಗುರುವಾರ ಸಿಕ್ಕ ಉತ್ತರ ಆವತ್ತೇ ಎರಡು ಕ್ಲಿಕ್ ದೂರದಲ್ಲಿತ್ತು.

ಆಮೇಲೆ ಹಿಡಿದಿದ್ದು ತಡವಾದ MIGO. ಮಾಲು ಬಂದ ದಿನವೇ ಕಟಿಂಗ್‌ಗೆ ಹೋಗುತ್ತದೆ, ಎಂಟ್ರಿ ಮಾರನೇ ದಿನ. ಇದು ನಿಜವಾದ ಕಾಯಿಲೆಯೇ. ಸರಿ ಮಾಡಿದ ಮೇಲೆ ಬೇರೆ ರಾಡುಗಳ COGI ಅರ್ಧಕ್ಕರ್ಧ ಇಳಿಯಿತು. 32 ಮಾತ್ರ ಜಗ್ಗಲಿಲ್ಲ. ಕ್ವಾಲಿಟಿ ಸ್ಟಾಕ್‌ನಲ್ಲಿ ಏನಾದರೂ ಸಿಕ್ಕಿಕೊಂಡಿದೆಯಾ ಅಂತ MMBEಯಲ್ಲಿ ನೋಡಿದೆ, ಸೊನ್ನೆ. ನೆಗೆಟಿವ್ ಸ್ಟಾಕ್ ಟಿಕ್ ಹಾಕಿಬಿಡೋಣ ಅಂತಲೂ ಒಮ್ಮೆ ಅನ್ನಿಸಿತ್ತು. ಹಾಕಲಿಲ್ಲ. ಹಾಕಿದ್ದರೆ COGI ಹಸಿರಾಗಿ ಕಾಣುತ್ತಿತ್ತು, ಕಾರಣ ಶಾಶ್ವತವಾಗಿ ಮಣ್ಣಾಗುತ್ತಿತ್ತು.

ಗುರುವಾರ ಈ ನೋಟ್‌ಗೆ ಉದಾಹರಣೆ ಬೇಕು ಅಂತ MB51 ತೆರೆದು, ಆ ರಾಡು ಆರ್ಡರ್‌ಗೆ ಇಳಿದ 261ರ ಎಂಟ್ರಿಗಳನ್ನು ತೆಗೆದೆ. ಯಾವತ್ತೂ ಅಡಗಿಸಿಟ್ಟಿರುತ್ತಿದ್ದ ಕಾಲಮ್ ಒಂದನ್ನು ಸುಮ್ನೆ ಹೊರಗೆ ಎಳೆದೆ: ಎಂಟ್ರಿ ಆದ ಯೂನಿಟ್‌ನ ಪ್ರಮಾಣ. 500 ಪೀಸಿನ ಆರ್ಡರ್ ಎದುರು 77.5 ಮೀಟರ್, ಪಕ್ಕದಲ್ಲಿ 540.175 ಕೆಜಿ. ಭಾಗಿಸಿದೆ. 6.97.

6.97! ಈ ಸಂಖ್ಯೆ ಎಲ್ಲೋ ನೋಡಿದ್ದೇನೆ ಅಂತ ಎರಡು ನಿಮಿಷ ಗೋಡೆ ನೋಡುತ್ತಾ ಕೂತೆ. ಆಮೇಲೆ ಹೊಳೆಯಿತು. ರೌಂಡಿಗೆ 162, ಹೆಕ್ಸಿಗೆ 147. 1024ನ್ನು 147ರಿಂದ ಭಾಗಿಸಿದರೆ 6.97. ನಮ್ಮ ರೌಂಡ್ ರಾಡು ಸಿಸ್ಟಮ್‌ನಲ್ಲಿ ಇಷ್ಟು ವರ್ಷ ಆರು ಮೂಲೆ ಇಟ್ಟುಕೊಂಡು ಓಡಾಡುತ್ತಿತ್ತು.

ಹಾಗಾದರೆ ವ್ಯತ್ಯಾಸ 41 ಯಾಕೆ? 77.5 ಮೀಟರಿಗೆ 6.32ರಂತೆ 489.8 ಕೆಜಿ, ಅಂದರೆ 50 ಕೆಜಿ ಜಾಸ್ತಿ ಇಳಿದಿತ್ತು. ಉಳಿದ 9 ಕೆಜಿ ಎಲ್ಲಿ? ಅದು ತುದಿ ತುಂಡು. ಆರು ಮೀಟರ್ ರಾಡಿನಲ್ಲಿ 155ರ ಪೀಸು 38 ಬರುತ್ತವೆ, 110 ಎಂಎಂ ಉಳಿಯುತ್ತದೆ. ಅದು ಸ್ಕ್ರ್ಯಾಪ್ ಡಬ್ಬಕ್ಕೆ. ರಾಡಿಗೆ ಸುಮಾರು 0.7 ಕೆಜಿಯಂತೆ 13 ರಾಡಿಗೆ 9 ಕೆಜಿ. ಬಿಒಎಂನಲ್ಲಿ ಈ ಸ್ಕ್ರ್ಯಾಪ್ ಯಾರೂ ಹಾಕಿಲ್ಲ. ಒಂದು ತಪ್ಪು ಇನ್ನೊಂದು ತಪ್ಪಿನ ಸೆರಗಿನಲ್ಲಿ ಅವಿತುಕೊಂಡಿತ್ತು. ಶುದ್ಧ ಹತ್ತು ಪರ್ಸೆಂಟ್ ಕಂಡಿದ್ದರೆ ಎಂದೋ ಹೊಳೆಯುತ್ತಿತ್ತೇನೋ.

ಈ ಮಾಸ್ಟರ್ ಮಾಡಿದ ಮಹಾನುಭಾವ ಯಾರು ಅಂತ MM03ಯಲ್ಲಿ ನೋಡಿದೆ. ನನ್ನದೇ ಯೂಸರ್ ಐಡಿ. ಗೋ-ಲೈವ್ ಹಿಂದಿನ ವಾರ ರಾತ್ರಿ ಹನ್ನೊಂದಕ್ಕೆ ಎಕ್ಸೆಲ್‌ನಲ್ಲಿ ಹೆಕ್ಸ್ 32ರ ಸಾಲನ್ನು ಕೆಳಗೆ ಎಳೆದು, ಹೆಸರು ಮಾತ್ರ ರೌಂಡ್ ಅಂತ ಬದಲಿಸಿದ್ದು ಈಗ ಚೆನ್ನಾಗಿ ನೆನಪಾಗುತ್ತಿದೆ. ಈ ವಿಷಯ ಸ್ಟೋರ್ಸ್‌ನಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಸರಿ ಮಾಡಿದ್ದು MM02ರ ಅಡಿಷನಲ್ ಡೇಟಾ, ಯೂನಿಟ್ಸ್ ಆಫ್ ಮೆಷರ್ ಟ್ಯಾಬ್‌ನಲ್ಲಿ. ಆ ಬಾಕ್ಸ್ ದಶಮಾಂಶ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಎರಡೂ ಕಡೆ ನೂರರಿಂದ ಗುಣಿಸಿ ಹಾಕಬೇಕು:

```
100 M = 697 KG   (ಹಳೆಯದು)
100 M = 632 KG   (ಈಗ)
```

ಇಷ್ಟಕ್ಕೇ ಮುಗಿಯುವುದಿಲ್ಲ. ಮೊದಲೇ ಮಾಡಿಟ್ಟ ಆರ್ಡರ್‌ಗಳು ಹಳೆಯ ಕೆಜಿಯನ್ನೇ ಹಿಡಿದುಕೊಂಡಿದ್ದವು. ಇನ್ನೂ ಕೆಲಸ ಶುರುವಾಗದ ಆರ್ಡರ್‌ಗಳಲ್ಲಿ CO02ಗೆ ಹೋಗಿ ಪಿಪಿ ಮಾಸ್ಟರ್ ಡೇಟಾ ಮತ್ತೆ ಓದಿಸಿದೆ. ಅರ್ಧ ಕನ್ಫರ್ಮ್ ಆದವು ಎರಡಿವೆ, ಅವನ್ನು ಹಾಗೇ ಬಿಟ್ಟಿದ್ದೇನೆ. ಅವು ಈ ತಿಂಗಳು ಇನ್ನೊಮ್ಮೆ COGIಗೆ ಬರುತ್ತವೆ, ಗಾಬರಿ ಬೇಡ. ಸಂಜೆ ಹೊಸದಾಗಿ 200 ಪೀಸಿನ ಆರ್ಡರ್ ಕನ್ಫರ್ಮ್ ಆಯಿತು. 31 ಮೀಟರ್, 195.92 ಕೆಜಿ. COGI ಖಾಲಿ. ಆ ಖಾಲಿ ಸ್ಕ್ರೀನ್‌ನ ಫೋಟೋ ತೆಗೆದು ಹೆಂಡತಿಗೆ ಕಳಿಸಿದೆ. "ಏನಿದೆ ಇದರಲ್ಲಿ?" ಅಂತ ಕೇಳಿದಳು. ಏನೂ ಇಲ್ಲ, ಅದೇ ವಿಶೇಷ ಅಂದೆ.

ಕಾಸ್ಟಿಂಗ್‌ನವರಿಗೆ ಹೇಳುವುದು ಬಾಕಿ. ಪೀಸಿಗೆ 0.98 ಕೆಜಿ ಬದಲು 1.08 ಕೆಜಿ ಅಂತ ಲೆಕ್ಕ ಹಾಕಿ ರೇಟ್ ಕೊಟ್ಟಿದ್ದಾರೆ. ಕೆಜಿಗೆ 80 ರೂಪಾಯಿ ಅಂದುಕೊಂಡರೂ ಪೀಸಿಗೆ 8 ರೂಪಾಯಿ. ಸೋಮವಾರ ಬೆಳಿಗ್ಗೆ ಹೇಳುತ್ತೇನೆ. ಶುಕ್ರವಾರ ಸಂಜೆ ಹೇಳುವ ಮಾತಲ್ಲ ಅದು.

ಮುಂದೇನು ಅಂತ ಎಲ್ಲರೂ ಕೇಳುತ್ತಿದ್ದಾರೆ. ಸಾಗರದ ಹತ್ತಿರ ಮನೆಯ ತೋಟ ನೋಡಿಕೊಳ್ಳುವುದು, ಅಡಿಕೆ ಒಣಗಿಸಲು ಪಾಲಿಕಾರ್ಬೊನೇಟ್ ಶೀಟಿನ ಸೋಲಾರ್ ಡ್ರೈಯರ್ ಕಟ್ಟುವುದು. ಚೌಕಟ್ಟಿಗೆ ಪೈಪ್ ಅಳತೆ ಬರೆದಾಗಿದೆ. ಅಲ್ಲೂ ಇದೇ ಗೋಳು ನೋಡಿ. ಕ್ವಿಂಟಾಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ 12-13 ಕೆಜಿ ಕೈಗೆ ಬರುತ್ತದೆ. ಅಪ್ಪ 13 ಅಂತಾರೆ, ಚಿಕ್ಕಪ್ಪ 12 ಅಂತಾರೆ. ಈ ಸಲ ಯಾವುದನ್ನೂ ಎಕ್ಸೆಲ್‌ನಲ್ಲಿ ಕೆಳಗೆ ಎಳೆಯುವುದಿಲ್ಲ, ತಕ್ಕಡಿಗೇ ಹಾಕುತ್ತೇನೆ.

ಮೇಡಂ, ನಿಮಗೆ ಬಿಟ್ಟು ಹೋಗುತ್ತಿರುವ ಕೆಲಸ ಎರಡು. ಒಂದು, ಆ ತುದಿ ತುಂಡು. 110ನ್ನು 5890ರಿಂದ ಭಾಗಿಸಿದರೆ 1.87 ಪರ್ಸೆಂಟ್. CS02ನಲ್ಲಿ ಕಾಂಪೊನೆಂಟ್ ಸ್ಕ್ರ್ಯಾಪ್ ಹಾಕಬೇಕು, ಅದಕ್ಕೆ ಡಿಸೈನ್‌ನವರ ಸಹಿ ಬೇಕು, ಅವರು ಊಟಿಗೆ ಹೋಗಿದ್ದಾರೆ. ಅದು ಆಗುವ ತನಕ ಸ್ಟಾಕ್ ಉಲ್ಟಾ ತಪ್ಪುತ್ತದೆ: ಸಿಸ್ಟಮ್‌ನಲ್ಲಿ ಇರುತ್ತದೆ, ರ‍್ಯಾಕ್‌ನಲ್ಲಿ ಇರುವುದಿಲ್ಲ. COGI ಇದನ್ನು ಹೇಳುವುದಿಲ್ಲ, ಎಣಿಸಿದರೆ ಮಾತ್ರ ಗೊತ್ತಾಗುತ್ತದೆ. ಎರಡು, ಆ ರಾತ್ರಿ ನಾನು ಎಳೆದ ಎಕ್ಸೆಲ್‌ನಲ್ಲಿ ಇನ್ನೂ ಹದಿನೇಳು ರಾಡುಗಳಿವೆ. ಫೈಲ್ ಡೆಸ್ಕ್‌ಟಾಪ್‌ನಲ್ಲಿದೆ. 162, 147 ಬರೆದ ಚೀಟಿ ಮಾನಿಟರ್ ಕೆಳಗೆ ಅಂಟಿಸಿದ್ದೇನೆ.